ಎರಡು ರೂಟರ್, ಒಂದೇ ಕೋಣೆ, ಒಂದೇ ಹೊತ್ತು

ಯಾವ ರೂಟರ್ ಕೊಳ್ಳಬೇಕೆಂದು ತೀರ್ಮಾನಿಸಲಾಗದೆ ಎರಡನ್ನೂ ತರಿಸಿ, ಮನೆಯಲ್ಲಿ ಹಾಕಿ ನೋಡಿ, ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ವಾಪಸ್ ಮಾಡುವವರು ಈಗ ಹೆಚ್ಚುತ್ತಿದ್ದಾರೆ. ಯೋಚನೆ ಸರಿಯಾದದ್ದೇ. ಡಬ್ಬದ ಮೇಲೆ ಬರೆದಿರುವ ವೇಗಕ್ಕೆ ನಮ್ಮ ಮನೆಯ ಗೋಡೆಗಳ ಪರಿಚಯವಿಲ್ಲ, ಆನ್‌ಲೈನ್‌ನಲ್ಲಿ ಐದು ನಕ್ಷತ್ರ ಕೊಟ್ಟವರ ಮನೆಗೆ ನಮ್ಮಂತೆ ಒಂಬತ್ತಿಂಚಿನ ಗೋಡೆ ಇರಬೇಕೆಂದೂ ಇಲ್ಲ. ಆದರೆ ಆ ಎರಡನ್ನು ನೋಡುವ ರೀತಿ ಬಹುಪಾಲು ಮನೆಗಳಲ್ಲಿ ಹೀಗಿರುತ್ತದೆ: ಭಾನುವಾರ ಮಧ್ಯಾಹ್ನ ಮೊದಲನೆಯದನ್ನು ಹಾಕಿ, ಹಾಲ್‌ನ ಸೋಫಾದಲ್ಲಿ ಕೂತು ಫೋನಿನಲ್ಲಿ ಒಮ್ಮೆ ಸ್ಪೀಡ್ ಟೆಸ್ಟ್. ಸೋಮವಾರ ರಾತ್ರಿ ಊಟವಾದ ಮೇಲೆ ಎರಡನೆಯದನ್ನು ಹಾಕಿ, ಮಲಗುವ ಕೋಣೆಯಿಂದ ಮತ್ತೊಮ್ಮೆ. ಎರಡನೆಯದರಲ್ಲಿ ಅಂಕಿ ಕಡಿಮೆ ಬಂತು, ಅದು ಮತ್ತೆ ಡಬ್ಬ ಸೇರಿತು. ಅಲ್ಲಿ ಬದಲಾದದ್ದು ರೂಟರ್ ಒಂದೇ ಅಲ್ಲ. ಕೋಣೆ ಬದಲಾಯಿತು, ಹೊತ್ತು ಬದಲಾಯಿತು, ಪಕ್ಕದ ಮನೆಗಳವರೆಲ್ಲ ಕೆಲಸದಿಂದ ಬಂದು ಟಿವಿ ಹಾಕಿಕೊಂಡರು, ಬಹುಶಃ ಫೋನ್ ಕೂಡ ಬೇರೆ ಬ್ಯಾಂಡಿಗೆ ಅಂಟಿಕೊಂಡಿತ್ತು. ಒಳ್ಳೆಯ ರೂಟರನ್ನೇ ವಾಪಸ್ ಕಳಿಸಿದರೂ ಅದು ನಮಗೆ ಗೊತ್ತಾಗುವುದಿಲ್ಲ.

ಇಲ್ಲಿ ಒಂದು ಮನೆಯನ್ನು ಮುಂದಿಟ್ಟುಕೊಂಡು ಈ ಹೋಲಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ನೋಡೋಣ. ಮೈಸೂರಿನ ಒಂದು ಎರಡಂತಸ್ತಿನ ಮನೆ ಎಂದುಕೊಳ್ಳಿ. ಫೈಬರ್ ಬರುವುದು ಕೆಳಗಿನ ಹಾಲ್‌ಗೆ, 200 ಎಂಬಿಪಿಎಸ್ ಪ್ಲಾನ್. ಹಾಲ್‌ನ ಹಿಂದೆ ಅಡುಗೆಮನೆ, ಅದರಾಚೆ ಎರಡು ಇಟ್ಟಿಗೆ ಗೋಡೆ ದಾಟಿ ಒಂದು ಮಲಗುವ ಕೋಣೆ. ಆರ್‌ಸಿಸಿ ಸ್ಲ್ಯಾಬಿನ ಮೇಲೆ, ಮೂಲೆಯಲ್ಲಿ, ಓದುವ ಕೋಣೆ. ಮಗಳು ಸಂಜೆ ಅಲ್ಲಿ ಕೂತು ಆನ್‌ಲೈನ್‌ನಲ್ಲಿ ಗಣಿತ ಪಾಠ ಮಾಡುತ್ತಾಳೆ. ಹಳೆಯ ರೂಟರ್ ಕೈಕೊಟ್ಟಿದೆ, ಹೊಸ ಎರಡು ಬಂದಿವೆ. ಒಂದು ಕಪ್ಪು, ಒಂದು ಬಿಳಿ, ಹಾಗೆಯೇ ಕರೆಯೋಣ. ಮುಂದೆ ಬರುವ ಅಂಕಿಗಳು ಉದಾಹರಣೆಗಾಗಿ ಕೊಟ್ಟವು. ನಿಮ್ಮ ಮನೆಯಲ್ಲಿ ಬೇರೆಯೇ ಬಂದಾವು, ಲೆಕ್ಕ ಹಾಕುವ ಕ್ರಮ ಮಾತ್ರ ಇದೇ.

ಮೊದಲ ಕೆಲಸ ರೂಟರ್ ಡಬ್ಬ ಬಿಚ್ಚುವುದಕ್ಕಿಂತ ಮುಂಚಿನದು: ನಮಗೆ ಬೇಕಾದದ್ದೇನು ಎಂದು ಒಂದು ಚೀಟಿಯಲ್ಲಿ ಬರೆದಿಡುವುದು. ಈ ಮನೆಯವರು ಬರೆದದ್ದು ಎರಡೇ ಸಾಲು. ಮೇಲಿನ ಕೋಣೆಯಲ್ಲಿ ಪಾಠ ನಡೆಯುವಾಗ ಮಾತು ಕಡಿಯಬಾರದು. ಅಡುಗೆಮನೆಯಲ್ಲಿ ಅಜ್ಜಿಯ ಹಳೆಯ ಫೋನಿನಲ್ಲಿ ಹಾಡು ನಿಲ್ಲಬಾರದು. ಮಲಗುವ ಕೋಣೆಯ ವೇಗ ಆಮೇಲಿನ ಮಾತು. ಇದನ್ನು ಮೊದಲೇ ಬರೆಯಬೇಕು ಎನ್ನುವುದಕ್ಕೆ ಕಾರಣವಿದೆ. ಅಂಕಿಗಳು ಕಣ್ಣೆದುರು ಬಂದ ಮೇಲೆ ಯಾವುದು ದೊಡ್ಡದಾಗಿ ಕಾಣುತ್ತದೋ ಅದೇ ಮುಖ್ಯ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ.

ಇನ್ನು ಡಬ್ಬದ ಮೇಲಿನ ಅಂಕಿ. 1200 ಎಂದು ಬರೆದಿದ್ದರೆ ಅದು ಎರಡು ಬ್ಯಾಂಡ್‌ಗಳ ಗರಿಷ್ಠ ವೇಗವನ್ನು ಕೂಡಿಸಿದ ಮೊತ್ತ. ಎಸಿ1200 ದರ್ಜೆಯಲ್ಲಿ 2.4 ಗಿಗಾಹರ್ಟ್ಸ್‌ನ 300, 5 ಗಿಗಾಹರ್ಟ್ಸ್‌ನ 867 ಸೇರಿಸಿ ಮೇಲಕ್ಕೆ ದುಂಡು ಮಾಡಿರುತ್ತಾರೆ. ಒಂದು ಫೋನ್ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಬ್ಯಾಂಡಿನಲ್ಲಿ ಇರುವುದರಿಂದ ಆ ಮೊತ್ತ ಯಾರ ಕೈಗೂ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಹಿಂಭಾಗದ ತೂತುಗಳು. ಅಗ್ಗದ ಹಲವು ಮಾದರಿಗಳಲ್ಲಿ ಕೇಬಲ್ ಪೋರ್ಟ್‌ಗಳ ವೇಗ 100 ಎಂಬಿಪಿಎಸ್ ಮಾತ್ರ. 200ರ ಪ್ಲಾನ್ ಇರುವ ಮನೆಗೆ ಅಂಥದ್ದು ಬಂದಿದ್ದರೆ ಪರೀಕ್ಷೆಯ ಅಗತ್ಯವೇ ಇಲ್ಲ, ಅದನ್ನು ಅಂದೇ ವಾಪಸ್ ಮಾಡಬಹುದು. ನಮ್ಮ ಕಪ್ಪು ಬಿಳಿ ಎರಡರಲ್ಲೂ ಗಿಗಾಬಿಟ್ ಪೋರ್ಟ್ ಇವೆ, ಮುಂದೆ ಹೋಗೋಣ.

ಸ್ಪೀಡ್ ಟೆಸ್ಟ್ ಯಾವುದನ್ನು ಅಳೆಯುತ್ತದೆ ಎನ್ನುವುದು ಈಗ ಗೊತ್ತಿರಬೇಕು. ಫೋನಿನಿಂದ ರೂಟರ್, ರೂಟರ್‌ನಿಂದ ಫೈಬರ್ ಡಬ್ಬಿ, ಅಲ್ಲಿಂದ ಕಂಪನಿ, ಕಂಪನಿಯಿಂದ ಟೆಸ್ಟ್ ಸರ್ವರ್, ಈ ಇಡೀ ದಾರಿಯಲ್ಲಿ ಎಲ್ಲಿ ಅತ್ಯಂತ ಇಕ್ಕಟ್ಟಿದೆಯೋ ಅಲ್ಲಿನ ವೇಗವೇ ತೆರೆಯ ಮೇಲೆ ಬರುತ್ತದೆ. ಹಾಲ್‌ನಲ್ಲಿ ರೂಟರ್ ಪಕ್ಕದಲ್ಲೇ ಕೂತರೆ ಕಪ್ಪು ರೂಟರ್ 600 ಕೊಡಬಲ್ಲದು, ಬಿಳಿಯದು 500 ಕೊಡಬಲ್ಲದು ಎನ್ನೋಣ. ಪ್ಲಾನ್ 200ರದ್ದಾದ ಕಾರಣ ಎರಡೂ 200ಕ್ಕೆ ನಿಲ್ಲುತ್ತವೆ, ಎರಡೂ ಸಮ ಎಂದು ತೋರುತ್ತದೆ. ಕನೆಕ್ಷನ್ ಕೊಡಲು ಬರುವ ಹುಡುಗ ರೂಟರ್ ಎದುರೇ ನಿಂತು, "ನೋಡಿ ಸಾರ್, ಫುಲ್ ಸ್ಪೀಡ್ ಬರ್ತಾ ಇದೆ" ಎಂದು ತೋರಿಸುವುದು ಈ ಅಂಕಿಯನ್ನೇ. ಅವನ ಕೆಲಸಕ್ಕೆ ಅಷ್ಟು ಸಾಕು, ಅವನು ತೋರಿಸುತ್ತಿರುವುದು ಕನೆಕ್ಷನ್ನನ್ನು. ರಾತ್ರಿ ಒಂಬತ್ತಕ್ಕೆ ಕಂಪನಿಯ ದಾರಿಯೇ ದಟ್ಟವಾಗಿ 130ಕ್ಕೆ ಇಳಿದರೆ, ಆ ಹೊತ್ತಿಗೆ ಯಾವ ರೂಟರ್ ಹಾಕಿದ್ದೆವೋ ಅದರ ತಲೆಗೆ ತಪ್ಪು ಕಟ್ಟುತ್ತೇವೆ.

ಇದರಿಂದ ಪಾರಾಗಲು ಇಂಟರ್ನೆಟ್ಟನ್ನೇ ಲೆಕ್ಕದಿಂದ ಹೊರಗಿಡಬೇಕು. ಮನೆಯಲ್ಲಿ ಎರಡು ಕಂಪ್ಯೂಟರ್ ಇದ್ದರೆ ಸಾಕು. ಒಂದನ್ನು ರೂಟರ್‌ನ ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿ ಕೂರಿಸುವುದು, ಇನ್ನೊಂದು ಲ್ಯಾಪ್‌ಟಾಪನ್ನು ವೈ-ಫೈನಲ್ಲಿ ಕೋಣೆಯಿಂದ ಕೋಣೆಗೆ ಒಯ್ಯುವುದು. ಇವೆರಡರ ನಡುವೆ ಡೇಟಾ ಹರಿಸಿ ವೇಗ ಅಳೆಯುವ ಐಪರ್ಫ್ ಎಂಬ ಉಚಿತ ಪ್ರೋಗ್ರಾಮ್ ಇದೆ, ಅದರ ಮೂರನೇ ಆವೃತ್ತಿಯನ್ನು ಎರಡರಲ್ಲೂ ಹಾಕಿಕೊಳ್ಳಬೇಕು. ಕೇಬಲ್ ಹಾಕಿದ ಕಂಪ್ಯೂಟರಿನಲ್ಲಿ ಕೊಡುವ ಆಜ್ಞೆ ಇಷ್ಟೇ:

```
iperf3 -s
```

ಆ ಕಂಪ್ಯೂಟರಿನ ವಿಳಾಸ 192.168.1.10 ಆಗಿದ್ದರೆ, ಲ್ಯಾಪ್‌ಟಾಪಿನಲ್ಲಿ ಹೀಗೆ:

```
iperf3 -c 192.168.1.10 -t 30 -R
```

ಇಲ್ಲಿ 30 ಎಂದರೆ ಮೂವತ್ತು ಸೆಕೆಂಡು. ಕೊನೆಯ ಆರ್ ಅಕ್ಷರ ಇದ್ದರೆ ಡೇಟಾ ಲ್ಯಾಪ್‌ಟಾಪಿನ ಕಡೆಗೆ ಬರುತ್ತದೆ, ಅಂದರೆ ಡೌನ್‌ಲೋಡ್‌ನ ದಿಕ್ಕು; ತೆಗೆದರೆ ಅಪ್‌ಲೋಡ್‌ನ ದಿಕ್ಕು. ವಿಂಡೋಸ್ ಮೊದಲ ಸಲ ಫೈರ್‌ವಾಲ್ ಅನುಮತಿ ಕೇಳುತ್ತದೆ, ಕೊಡಬೇಕು. ವಿಳಾಸ ಗೊತ್ತಿಲ್ಲದಿದ್ದರೆ ಕೇಬಲ್ ಹಾಕಿದ ಕಂಪ್ಯೂಟರಿನಲ್ಲಿ `ipconfig` ಎಂದು ಟೈಪ್ ಮಾಡಿದರೆ ಕಾಣುತ್ತದೆ. ರೂಟರ್ ಬದಲಿಸಿದಾಗ ಈ ವಿಳಾಸವೂ ಬದಲಾಗಬಹುದು, ಪ್ರತಿ ಸಲ ನೋಡಿಕೊಳ್ಳಿ. ಒಂದು ಎಚ್ಚರಿಕೆ ಇದೆ. ಯಾವ ಕೋಣೆಯಲ್ಲಿ ನೋಡಿದರೂ ವೇಗ 94ರ ಆಸುಪಾಸಿನಲ್ಲೇ ನಿಂತುಬಿಟ್ಟರೆ ವೈ-ಫೈಯನ್ನು ದೂರಬೇಡಿ. ಕೇಬಲ್ಲೋ ಆ ಕಂಪ್ಯೂಟರಿನ ಪೋರ್ಟೋ 100 ಎಂಬಿಪಿಎಸ್‌ಗೆ ಇಳಿದಿದೆ ಎಂದು ಅದರ ಅರ್ಥ. ಎಂಟು ತಂತಿಗಳಲ್ಲಿ ಒಂದು ಸರಿಯಾಗಿ ಕೂರದಿದ್ದರೂ ಹೀಗಾಗುತ್ತದೆ, ಬೇರೆ ಕೇಬಲ್ ಹಾಕಿ ನೋಡಬೇಕು.

ಈಗ ಎರಡನ್ನೂ ಒಂದೇ ಸ್ಥಿತಿಗೆ ತರುವ ಕೆಲಸ. ಎಲ್ಲಕ್ಕಿಂತ ಹೆಚ್ಚು ಜನ ಮೋಸ ಹೋಗುವುದು ಬ್ಯಾಂಡಿನ ವಿಷಯದಲ್ಲಿ. ಈಗಿನ ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಒಂದೇ ಹೆಸರಿಟ್ಟು, ಯಾವುದಕ್ಕೆ ಸೇರಬೇಕೆಂಬುದನ್ನು ಫೋನು ಮತ್ತು ರೂಟರಿನ ನಡುವಿನ ವ್ಯವಹಾರಕ್ಕೆ ಬಿಟ್ಟುಬಿಡುತ್ತವೆ. 2.4 ಗೋಡೆಗಳನ್ನು ಚೆನ್ನಾಗಿ ದಾಟುತ್ತದೆ, ವೇಗ ಕಡಿಮೆ, ನೆರೆಹೊರೆಯ ಗದ್ದಲ ಹೆಚ್ಚು. 5 ವೇಗವಾಗಿರುತ್ತದೆ, ಗೋಡೆಗೆ ಬೇಗ ಸೋಲುತ್ತದೆ. ಒಂದು ರೂಟರ್ ಪರೀಕ್ಷೆಯಲ್ಲಿ ಲ್ಯಾಪ್‌ಟಾಪ್ 5ರಲ್ಲಿತ್ತು, ಇನ್ನೊಂದರಲ್ಲಿ 2.4ರಲ್ಲಿತ್ತು ಎಂದರೆ ಅದು ಎರಡು ಬ್ಯಾಂಡ್‌ಗಳ ಹೋಲಿಕೆ ಆಯಿತೇ ಹೊರತು ಎರಡು ರೂಟರ್‌ಗಳದ್ದಲ್ಲ. ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ಸ್ಮಾರ್ಟ್ ಕನೆಕ್ಟ್ ಎಂಬಂಥ ಹೆಸರಿನಲ್ಲಿ ಇರುವ ಸೌಲಭ್ಯವನ್ನು ಆರಿಸಿ, ಎರಡು ಬ್ಯಾಂಡಿಗೆ ಬೇರೆ ಬೇರೆ ಹೆಸರು ಕೊಡಿ. ಕಪ್ಪು, ಬಿಳಿ ಎರಡರಲ್ಲೂ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟರೆ ಮನೆಯ ಸಾಧನಗಳನ್ನು ಪ್ರತಿ ಸಲ ಹೊಸದಾಗಿ ಸೇರಿಸುವ ಗೋಳು ತಪ್ಪುತ್ತದೆ.

ಚಾನೆಲ್ಲೂ ಅಷ್ಟೇ. ಆಟೊ ಎಂದು ಬಿಟ್ಟರೆ ಒಂದು ರೂಟರ್ ಖಾಲಿ ಚಾನೆಲ್ಲಿನಲ್ಲೂ ಇನ್ನೊಂದು ಪಕ್ಕದ ಮನೆಯವರು ತುಂಬಿಕೊಂಡ ಚಾನೆಲ್ಲಿನಲ್ಲೂ ಹೋಗಿ ಕೂರಬಹುದು. ಪರೀಕ್ಷೆಯ ಮಟ್ಟಿಗೆ ಎರಡಕ್ಕೂ 5 ಗಿಗಾಹರ್ಟ್ಸ್‌ನಲ್ಲಿ 36 ಎಂದು ಕೈಯಾರೆ ನಿಗದಿ ಮಾಡಿ, ಅಗಲವನ್ನು 80 ಮೆಗಾಹರ್ಟ್ಸ್ ಎಂದಿಡಿ. 2.4ರಲ್ಲಿ 1, 6, 11ರಲ್ಲಿ ಒಂದು, ಅಗಲ 20. ಡಬ್ಬದಲ್ಲಿ 160 ಮೆಗಾಹರ್ಟ್ಸ್ ಎಂದು ದೊಡ್ಡದಾಗಿ ಬರೆದಿದ್ದರೆ ಮರುಳಾಗಬೇಡಿ. ಲ್ಯಾಪ್‌ಟಾಪು ಅಷ್ಟು ಅಗಲವನ್ನು ಹಿಡಿಯಬಲ್ಲದ್ದಾಗಿರಬೇಕು, ಹಿಡಿದರೂ ಅದೇ ಶಕ್ತಿ ಎರಡರಷ್ಟು ಅಗಲಕ್ಕೆ ಹರಡಿಕೊಳ್ಳುವುದರಿಂದ ದೂರದ ಕೋಣೆಯಲ್ಲಿ ಲಾಭ ಕರಗುತ್ತದೆ. 52ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ರೇಡಾರ್‌ಗೆ ಮೊದಲ ಹಕ್ಕು. ಆ ಚಾನೆಲ್‌ಗೆ ಹೋದ ರೂಟರ್ ಕನಿಷ್ಠ ಒಂದು ನಿಮಿಷ ಸುಮ್ಮನೆ ಕೇಳಿಸಿಕೊಂಡು ಆಮೇಲೆ ಮಾತಾಡಬೇಕು, ರೇಡಾರ್ ಸುಳಿವು ಸಿಕ್ಕರೆ ಜಾಗ ಬಿಡಬೇಕು. ಪರೀಕ್ಷೆ ನಡೆಯುವಾಗ ಇಂಥ ಜಿಗಿತ ಬೇಡವೆಂದೇ 36 ಹೇಳಿದ್ದು. ಎಲ್ಲ ಸರಿಯಾಗಿ ಕೂತಿದೆಯೇ ಎಂದು ಲ್ಯಾಪ್‌ಟಾಪನ್ನೇ ಕೇಳಬಹುದು. ವಿಂಡೋಸ್‌ನಲ್ಲಿ

```
netsh wlan show interfaces
```

ಎಂದರೆ ಯಾವ ಹೆಸರಿನ ವೈ-ಫೈಗೆ ಸೇರಿದೆ, ಯಾವ ಚಾನೆಲ್, ಸಿಗ್ನಲ್ ಎಷ್ಟು, ಲಿಂಕ್ ವೇಗ ಎಷ್ಟು ಎಂಬುದೆಲ್ಲ ಬರುತ್ತದೆ. ಪ್ರತಿ ಅಳತೆಗೆ ಮೊದಲು ಇದನ್ನೊಮ್ಮೆ ನೋಡುವುದು ರೂಢಿಯಾಗಲಿ. ಲಿಂಕ್ ವೇಗ 600 ಎಂದಿದ್ದು ಐಪರ್ಫ್‌ನಲ್ಲಿ 350 ಬಂದರೆ ಗಾಬರಿ ಬೇಡ. ಗಾಳಿಯಲ್ಲಿ ಸರದಿ ಕಾಯುವುದಕ್ಕೆ, ತಲುಪಿದ ಸುದ್ದಿ ಹೇಳುವುದಕ್ಕೆ ಒಂದಷ್ಟು ಪಾಲು ಹೋಗುತ್ತದೆ, ಅರ್ಧದಿಂದ ಮೂರನೇ ಎರಡು ಭಾಗ ಕೈಗೆ ಸಿಕ್ಕರೆ ಅದು ಸಹಜ.

ಎರಡೂ ರೂಟರ್‌ಗಳ ಫರ್ಮ್‌ವೇರನ್ನು ಪರೀಕ್ಷೆಗೆ ಮೊದಲೇ ಅಪ್‌ಡೇಟ್ ಮಾಡಿ, ಪರೀಕ್ಷೆ ಮುಗಿಯುವವರೆಗೆ ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿ. ಜಾಗವೂ ಒಂದೇ ಇರಲಿ: ಅದೇ ಶೆಲ್ಫ್, ಅದೇ ಎತ್ತರ, ಆಂಟೆನಾ ಇದ್ದರೆ ಎರಡರಲ್ಲೂ ನೆಟ್ಟಗೆ. ಟಿವಿಯ ಹಿಂದೆ ತುರುಕುವುದು ಬೇಡ. ಒಂದನ್ನು ಅಳೆಯುವಾಗ ಇನ್ನೊಂದರ ಪ್ಲಗ್ಗನ್ನೇ ಕಿತ್ತಿಡಬೇಕು. ಪಕ್ಕದಲ್ಲೇ ಅದೇ ಚಾನೆಲ್ಲಿನಲ್ಲಿ ಉರಿಯುತ್ತಿದ್ದರೆ ಅದು ತಾನೇ ಗದ್ದಲವಾಗುತ್ತದೆ. ಬಹಳ ಜನ ಮರೆಯುವುದು ಕಂಪನಿಯವರು ಕೊಟ್ಟ ಫೈಬರ್ ಡಬ್ಬಿಯನ್ನು. ಅದರೊಳಗೂ ಒಂದು ವೈ-ಫೈ ಇರುತ್ತದೆ, ಅದನ್ನು ಆರಿಸಿ. ರೂಟರ್ ಬದಲಿಸಿದ ಕೂಡಲೇ ಇಂಟರ್ನೆಟ್ ಬರದಿದ್ದರೂ ರೂಟರ್ ಕೆಟ್ಟಿದೆ ಎನ್ನಬೇಡಿ. ಕೆಲವು ಕಂಪನಿಗಳು ಮೊದಲು ಕಂಡ ರೂಟರಿನ ಮ್ಯಾಕ್ ವಿಳಾಸವನ್ನೇ ಹಿಡಿದುಕೊಂಡಿರುತ್ತವೆ. ಫೈಬರ್ ಡಬ್ಬಿಯನ್ನು ಕೆಲವು ನಿಮಿಷ ಆರಿಸಿ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ, ಇಲ್ಲವಾದರೆ ಅವರಿಗೇ ಫೋನ್ ಮಾಡಬೇಕು. ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಮೊದಲೇ ಕೇಳಿಟ್ಟುಕೊಂಡಿದ್ದರೆ ಆ ರಾತ್ರಿ ಪರದಾಟ ಇರುವುದಿಲ್ಲ.

ಲ್ಯಾಪ್‌ಟಾಪ್ ಇಡುವ ಜಾಗದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ "ಅದೇ ಕೋಣೆ" ಎಂದರೆ ಸಾಲದು. 5 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು ಆರು ಸೆಂಟಿಮೀಟರ್. ರೂಟರ್‌ನಿಂದ ಹೊರಟ ಅಲೆ ನೇರವಾಗಿಯೂ ಬರುತ್ತದೆ, ಗೋಡೆಗೆ, ಬೀರುವಿಗೆ, ಛಾವಣಿಗೆ ಬಡಿದು ಸುತ್ತಿಯೂ ಬರುತ್ತದೆ. ಇವು ಕೆಲವೆಡೆ ಒಂದಕ್ಕೊಂದು ಬಲ ಕೊಡುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸುತ್ತವೆ. ಹಾಗಾಗಿ ಮೇಜಿನ ಮೇಲೆ ಲ್ಯಾಪ್‌ಟಾಪನ್ನು ಎರಡು ಬೆರಳಷ್ಟು ಸರಿಸಿದರೂ ಸಿಗ್ನಲ್ ಏರಿಳಿಯಬಹುದು. ಅದಕ್ಕಾಗಿ ಪ್ರತಿ ಕೋಣೆಯಲ್ಲಿ ನಾವು ನಿಜವಾಗಿ ಕೂರುವ ಜಾಗದಲ್ಲೇ, ಒಂದೊಂದು ಗೇಣು ಅಂತರದಲ್ಲಿ ಮೂರು ಕಡೆ ಸೆಲ್ಲೋಟೇಪಿನ ತುಂಡು ಅಂಟಿಸಿ. ಪ್ರತಿ ಗುರುತಿನ ಮೇಲೆ ಲ್ಯಾಪ್‌ಟಾಪಿನ ಎಡ ಮೂಲೆ ಬರುವಂತೆ ಇಟ್ಟು ಒಂದೊಂದು ಅಳತೆ. ತೆರೆ ಯಾವ ಕಡೆಗೆ ತಿರುಗಿದೆ ಎಂಬುದೂ ಅದೇ ಇರಲಿ, ಚಾರ್ಜರ್ ಹಾಕಿದ್ದರೆ ಎರಡಕ್ಕೂ ಹಾಕಿರಲಿ. ಅಳತೆ ನಡೆಯುವಾಗ ರೂಟರ್ ಮತ್ತು ಲ್ಯಾಪ್‌ಟಾಪಿನ ನಡುವೆ ನಿಲ್ಲಬೇಡಿ, ಮನುಷ್ಯನ ಮೈಯಲ್ಲಿರುವ ನೀರು ಈ ಅಲೆಗಳನ್ನು ಚೆನ್ನಾಗಿ ಹೀರುತ್ತದೆ. ಬಾಗಿಲು ಹಾಕಿ ಮಲಗುವ ಮನೆಯಾದರೆ ಬಾಗಿಲು ಹಾಕಿಯೇ ಅಳೆಯಿರಿ.

ಹೊತ್ತಿನ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಎರಡನ್ನೂ ರಾತ್ರಿಯೇ ಅಳೆದೆವು ಎಂದರೆ ಸಮವಾಯಿತು ಎಂದಲ್ಲ. ಎಂಟೂವರೆಗೆ ಕಪ್ಪು, ಒಂಬತ್ತೂಕಾಲಿಗೆ ಬಿಳಿ ಎಂದು ಅಳೆದರೆ ಆ ಮುಕ್ಕಾಲು ಗಂಟೆಯಲ್ಲಿ ಬೀದಿಯ ವೈ-ಫೈ ಗದ್ದಲ ಏರಿರುತ್ತದೆ, ಏಟು ಬೀಳುವುದು ಬಿಳಿಗೆ. ಹಾಗಾಗಿ ಮೊದಲ ರಾತ್ರಿ ಕಪ್ಪು ಮುಂಚೆ, ಮರುರಾತ್ರಿ ಬಿಳಿ ಮುಂಚೆ. ಒಂದು ದಿನ ಒಂದಕ್ಕೆ ಆದ ಅನ್ಯಾಯ ಮರುದಿನ ಇನ್ನೊಂದಕ್ಕೆ ಆಗಿ ಲೆಕ್ಕ ಚುಕ್ತಾ ಆಗುತ್ತದೆ. ಎರಡೂ ವಾರದ ದಿನಗಳಾಗಿರಲಿ. ಒಂದು ಶುಕ್ರವಾರ, ಇನ್ನೊಂದು ಭಾನುವಾರ ಬೇಡ. ರೂಟರ್ ಹಾಕಿದ ಮೇಲೆ ಹತ್ತು ನಿಮಿಷ ಬಿಟ್ಟು ಶುರು ಮಾಡಿ, ಅಷ್ಟರಲ್ಲಿ ಮನೆಯ ಸಾಧನಗಳೆಲ್ಲ ಬಂದು ಸೇರಿಕೊಂಡಿರುತ್ತವೆ.

ಮೈಸೂರಿನ ಆ ಮನೆಯ ಓದುವ ಕೋಣೆಗೆ ಹೋಗೋಣ. ಮೊದಲ ರಾತ್ರಿ, ಮೂರು ಗುರುತುಗಳ ಮೇಲೆ, ಕಪ್ಪು ರೂಟರ್ ಕೊಟ್ಟದ್ದು 96, 109, 71. ಬಿಳಿ ಕೊಟ್ಟದ್ದು 104, 88, 113. ಮೂರರಲ್ಲಿ ನಡುವಿನ ಅಂಕಿ ತೆಗೆದುಕೊಳ್ಳೋಣ, ಏಕೆಂದರೆ ಒಂದು ಅಳತೆ ಹಳಿ ತಪ್ಪಿದರೆ ಸರಾಸರಿಯನ್ನೂ ತನ್ನ ಕಡೆಗೆ ಎಳೆಯುತ್ತದೆ, ನಡುವಿನದನ್ನು ಅಷ್ಟಾಗಿ ಎಳೆಯಲಾರದು. ಕಪ್ಪು 96, ಬಿಳಿ 104. ಇಲ್ಲಿಗೇ ನಿಲ್ಲಿಸಿದವರು ಬಿಳಿ ಗೆದ್ದಿತು ಎನ್ನುತ್ತಾರೆ. ಆದರೆ ಕಪ್ಪಿನ ಮೂರು ಅಂಕಿಗಳನ್ನೇ ನೋಡಿ. ಅದೇ ರೂಟರ್, ಅದೇ ಕೋಣೆ, ಅದೇ ಕಾಲುಗಂಟೆ, ಆದರೂ 71ರಿಂದ 109ಕ್ಕೆ, 38ರ ಅಂತರ. ತನ್ನೊಂದಿಗೇ 38ರಷ್ಟು ಓಲಾಡುವ ಅಳತೆಯಲ್ಲಿ ಎರಡು ರೂಟರ್‌ಗಳ ನಡುವಿನ 8ಕ್ಕೆ ಯಾವ ಅರ್ಥವೂ ಇಲ್ಲ. ಮರುರಾತ್ರಿ ಅದು ಸಾಬೀತಾಯಿತು: ಬಿಳಿ 92, 110, 79, ಕಪ್ಪು 107, 101, 84. ಈಗ ನಡುವಿನ ಅಂಕಿಯಲ್ಲಿ ಕಪ್ಪೇ ಮುಂದೆ. ಮೇಲಿನ ಕೋಣೆಯ ವೇಗದಲ್ಲಿ ಇವೆರಡಕ್ಕೂ ವ್ಯತ್ಯಾಸವಿಲ್ಲ ಎಂದೇ ಬರೆದುಕೊಳ್ಳಬೇಕು.

ಇಡೀ ಹೋಲಿಕೆಯ ಪ್ರಾಣ ಇರುವುದು ಇಲ್ಲಿ ಎಂದು ನನ್ನ ಅಭಿಪ್ರಾಯ. ಒಂದು ರೂಟರನ್ನು ಇನ್ನೊಂದರ ಜತೆ ಹೋಲಿಸುವ ಮುಂಚೆ ಅದನ್ನು ಅದರ ಜತೆಗೇ ಹೋಲಿಸಿರಬೇಕು. ಆ ಓಲಾಟ ಎಷ್ಟು ಎಂದು ಗೊತ್ತಿಲ್ಲದೆ ಯಾವ ವ್ಯತ್ಯಾಸ ದೊಡ್ಡದು, ಯಾವುದು ಚಿಕ್ಕದು ಎಂದು ಹೇಳುವುದು ಅಸಾಧ್ಯ. ಒಂದೇ ಸಲ ಅಳೆದವನ ಕೈಯಲ್ಲಿ ಒಂದು ಅಂಕಿ ಇರುತ್ತದೆ ನಿಜ, ಆ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬುದು ಮಾತ್ರ ಅವನಿಗೆ ತಿಳಿದಿರುವುದಿಲ್ಲ.

ಕೆಳಗಿನ ಮಲಗುವ ಕೋಣೆಯಲ್ಲಿ ಚಿತ್ರ ಬೇರೆ. ಮೊದಲ ರಾತ್ರಿ ಕಪ್ಪು 190, 201, 184; ಬಿಳಿ 139, 126, 144. ಮರುರಾತ್ರಿ ಬಿಳಿ 148, 131, 155; ಕಪ್ಪು 212, 187, 205. ಇಲ್ಲೂ ಓಲಾಟ ಇದೆ, ಆದರೆ ಬಿಳಿಯ ಅತಿ ಹೆಚ್ಚಿನ 155 ಕಪ್ಪಿನ ಅತಿ ಕಡಿಮೆಯ 184ರ ಹತ್ತಿರಕ್ಕೂ ಬರುವುದಿಲ್ಲ. ಮುಂಚೆ ಅಳೆದರೂ ಆಮೇಲೆ ಅಳೆದರೂ ಹಾಗೆಯೇ. ಇಂಥ ವ್ಯತ್ಯಾಸವನ್ನು ನಂಬಬಹುದು. ಎರಡು ಇಟ್ಟಿಗೆ ಗೋಡೆ ದಾಟಿಸುವುದರಲ್ಲಿ ಕಪ್ಪು ರೂಟರ್ ನಿಜವಾಗಿಯೂ ಮೇಲು.

ಹಾಗಾದರೆ ಕಪ್ಪನ್ನು ಇಟ್ಟುಕೊಳ್ಳೋಣವೇ? ಚೀಟಿಯಲ್ಲಿ ಬರೆದದ್ದನ್ನು ನೋಡಿದರೆ, ಪಾಠ ಕಡಿಯಬಾರದು ಎಂದಿದೆ. ವಿಡಿಯೊ ಕರೆಗೆ ಕೆಲವೇ ಎಂಬಿಪಿಎಸ್ ಸಾಕು, ಮೇಲಿನ ಕೋಣೆಯಲ್ಲಿ ಅತಿ ಕಡಿಮೆ ಬಂದ 71 ಕೂಡ ಅದಕ್ಕೆ ಧಾರಾಳ. ಮಾತು ಕಡಿಯುವುದು ವೇಗದ ಕೊರತೆಯಿಂದಲ್ಲ, ಡೇಟಾದ ತುಣುಕುಗಳು ತಡವಾಗಿ ಬರುವುದರಿಂದ ಅಥವಾ ಬಾರದೇ ಹೋಗುವುದರಿಂದ. ಅದನ್ನು ಅಳೆಯುವುದು ಪಿಂಗ್. ಮೇಲಿನ ಕೋಣೆಯ ಲ್ಯಾಪ್‌ಟಾಪಿನಿಂದ, ಕೇಬಲ್ ಹಾಕಿದ ಕಂಪ್ಯೂಟರಿಗೆ ಇನ್ನೂರು ಸಲ:

```
ping -n 200 192.168.1.10
```

ಮೂರು ನಿಮಿಷಕ್ಕೆ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ರೂಟರ್‌ಗೇ ಪಿಂಗ್ ಮಾಡುವುದು ವಾಡಿಕೆ, ಆದರೆ ಕೆಲವು ರೂಟರ್‌ಗಳು ಬೇರೆ ಕೆಲಸದ ನಡುವೆ ಪಿಂಗ್‌ಗೆ ಉತ್ತರಿಸುವುದನ್ನು ಹಿಂದಕ್ಕೆ ಹಾಕುತ್ತವೆ, ಆಗ ಸುಳ್ಳು ವಿಳಂಬ ಕಾಣುತ್ತದೆ. ಕಂಪ್ಯೂಟರ್ ಉತ್ತರವನ್ನೇ ಕೊಡದಿದ್ದರೆ ಅದರ ಫೈರ್‌ವಾಲ್‌ನಲ್ಲಿ ಪಿಂಗ್‌ಗೆ ಅನುಮತಿ ಕೊಡಬೇಕಾಗುತ್ತದೆ. ಮುಖ್ಯವಾದ ಮಾತೆಂದರೆ ಮನೆ ನಿಶ್ಶಬ್ದವಾಗಿರುವಾಗ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಪಾಠ ನಡೆಯುವ ಹೊತ್ತಿಗೆ ಹಾಲ್‌ನಲ್ಲಿ ಯಾರೋ ಸಿನಿಮಾ ನೋಡುತ್ತಿರುತ್ತಾರೆ, ಇನ್ಯಾರದೋ ಫೋನು ಫೋಟೊಗಳನ್ನು ಮೇಲಕ್ಕೆ ಕಳಿಸುತ್ತಿರುತ್ತದೆ. ಆದ್ದರಿಂದ ಹಾಲ್‌ನಲ್ಲಿ ಒಂದೇ ಫೋನಿನಲ್ಲಿ ಒಂದೇ ದೊಡ್ಡ ಫೈಲ್ ಡೌನ್‌ಲೋಡಿಗೆ ಹಾಕಿ, ಅದು ಓಡುತ್ತಿರುವಾಗ ಪಿಂಗ್ ಮಾಡಬೇಕು, ಎರಡು ರೂಟರ್‌ಗಳಿಗೂ ಹಾಗೆಯೇ.

ಬಂದ ಫಲ ಹೀಗಿದೆ. ಕಪ್ಪು ರೂಟರಿನಲ್ಲಿ ಮೊದಲ ರಾತ್ರಿ ಇನ್ನೂರರಲ್ಲಿ 7 ಉತ್ತರ ಬರಲೇ ಇಲ್ಲ, ಮರುರಾತ್ರಿ 5. ಬಂದವುಗಳಲ್ಲೂ ಹಲವು 400 ಮಿಲಿಸೆಕೆಂಡ್ ದಾಟಿದ್ದವು. ಬಿಳಿಯಲ್ಲಿ ಕಳೆದುಹೋದದ್ದು ಮೊದಲ ರಾತ್ರಿ ಒಂದೂ ಇಲ್ಲ, ಮರುರಾತ್ರಿ 1, ಅತಿ ಹೆಚ್ಚಿನ ವಿಳಂಬ 60ರ ಆಸುಪಾಸು. ವೈ-ಫೈನಲ್ಲಿ ಒಂದು ತುಣುಕು ತಲುಪದಿದ್ದರೆ ರೂಟರ್ ತಾನೇ ಮತ್ತೆ ಮತ್ತೆ ಕಳಿಸುತ್ತದೆ. ಹಾಗಿದ್ದೂ ಮನೆಯೊಳಗೇ ಇನ್ನೂರರಲ್ಲಿ ಐದಾರು ಕಳೆದುಹೋಗುತ್ತಿವೆ ಎಂದರೆ ಅದು ಗಂಭೀರ ತೊಂದರೆ. ಪಾಠದಲ್ಲಿ ಮಕ್ಕಳು "ಮ್ಯಾಮ್, ಕೇಳಿಸ್ತಾ ಇಲ್ಲ" ಎನ್ನುವ ಗಳಿಗೆಗಳು ಇವೇ.

ಇಷ್ಟು ಕಂಡ ಕೂಡಲೇ ಕಪ್ಪನ್ನು ಡಬ್ಬಕ್ಕೆ ಹಾಕುವುದೂ ಆತುರವಾಗುತ್ತದೆ. 36ನೇ ಚಾನೆಲ್ಲಿನಲ್ಲಿ ಮೇಲ್ಮನೆಯ ಕಡೆಯಿಂದ ಬರುವ ಯಾರದೋ ಗದ್ದಲ ಕಪ್ಪಿನ ಸರದಿಯಲ್ಲೇ ಬಂದಿರಬಹುದು. ಹಾಗಾಗಿ ಎರಡನ್ನೂ 149ಕ್ಕೆ ಬದಲಿಸಿ, ಮತ್ತೊಂದು ರಾತ್ರಿ ಪಿಂಗ್ ಮಾತ್ರ. ಕಪ್ಪಿನಲ್ಲಿ 6 ಕಳೆದವು, ಬಿಳಿಯಲ್ಲಿ ಒಂದೂ ಇಲ್ಲ. ಚಾನೆಲ್ ಬದಲಾದರೂ ರೋಗ ಕಪ್ಪಿನೊಂದಿಗೇ ಹೋಯಿತು ಎಂದ ಮೇಲೆ ಕಾರಣ ಕಪ್ಪಿನಲ್ಲೇ ಇದೆ. ಆ ಮಾದರಿಯೇ ಹೀಗೋ, ಈ ಮನೆಗೆ ಬಂದ ಒಂದು ರೂಟರ್ ಮಾತ್ರ ಹೀಗೋ ಎಂಬುದನ್ನು ಈ ಪರೀಕ್ಷೆ ಹೇಳಲಾರದು. ಅಂಗಡಿಯ ಪುಟದಲ್ಲಿ ವಿಮರ್ಶೆ ಬರೆಯುವವರು ಈ ಮಿತಿಯನ್ನು ನೆನಪಿನಲ್ಲಿಡಬೇಕು.

ಉಳಿದದ್ದು ಅಜ್ಜಿಯ ಫೋನ್. ಅದು 2.4 ಮಾತ್ರ ಬಲ್ಲ ಹಳೆಯ ಫೋನ್, ಅಲ್ಲಿ ಐಪರ್ಫ್ ಬೇಕಿಲ್ಲ. ಅಡುಗೆಮನೆಯಲ್ಲಿ ಅವರು ಇಡುವ ಕಟ್ಟೆಯ ಮೇಲೇ ಇಟ್ಟು, ಎರಡೂ ರಾತ್ರಿ ಎರಡೂ ರೂಟರಿನಲ್ಲಿ ಅದೇ ಹಾಡಿನ ಪಟ್ಟಿ ಅರ್ಧ ಗಂಟೆ ಹಾಡಿಸಿದ್ದಾಯಿತು. ಎರಡರಲ್ಲೂ ಎಲ್ಲೂ ನಿಲ್ಲಲಿಲ್ಲ. ಮೈಕ್ರೊವೇವ್ ಒಲೆ ಇರುವ ಅಡುಗೆಮನೆಯಾದರೆ ಅದನ್ನು ಹಾಕಿಯೂ ನೋಡಬೇಕು, ಅದರಿಂದ ಸೋರುವ ಅಲೆ 2.4ರ ಆಸುಪಾಸಿನದೇ.

ನಮ್ಮ ಊರುಗಳಲ್ಲಿ ಇನ್ನೊಂದು ಪರೀಕ್ಷೆಯನ್ನು ಸೇರಿಸಲೇಬೇಕು, ವಿದೇಶದ ವಿಮರ್ಶೆಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ: ಕರೆಂಟ್ ಹೋಗಿ ಬಂದಾಗ ಏನಾಗುತ್ತದೆ ಎಂಬುದು. ಸ್ವಿಚ್ ಆರಿಸಿ ಹಾಕಿ, ಲ್ಯಾಪ್‌ಟಾಪಿಗೆ ಮತ್ತೆ ಇಂಟರ್ನೆಟ್ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ನೋಡಿ. ಇನ್ವರ್ಟರ್ ಇಲ್ಲದೆ ರೂಟರ್‌ಗೆಂದೇ ಇರುವ ಪುಟ್ಟ ಯುಪಿಎಸ್ ಬಳಸುವ ಮನೆಯಾದರೆ ಅಡಾಪ್ಟರಿನ ಮೇಲೆ ಬರೆದಿರುವುದನ್ನೂ ಓದಿ. 12 ವೋಲ್ಟ್, 1 ಆಂಪಿಯರ್ ಬೇಡುವ ರೂಟರ್‌ಗೆ ಸಾಕಾಗುವ ಯುಪಿಎಸ್, 2 ಆಂಪಿಯರ್ ಬೇಡುವ ರೂಟರ್‌ಗೆ ಸಾಲದೇ ಹೋಗಬಹುದು. ಇಂಥ ಒಂದು ಸಂಗತಿಯೇ ಕೆಲವು ಮನೆಗಳಲ್ಲಿ ತೀರ್ಮಾನ ಮಾಡಿಬಿಡುತ್ತದೆ.

ಚೀಟಿಯ ಪ್ರಕಾರ ಮೈಸೂರಿನ ಮನೆಯಿಂದ ವಾಪಸ್ ಹೋಗಬೇಕಾದದ್ದು ಕಪ್ಪು, ಅಂದರೆ ಮಲಗುವ ಕೋಣೆಯಲ್ಲಿ ಎದ್ದು ಕಾಣುವಷ್ಟು ವೇಗವಾಗಿದ್ದ ರೂಟರ್. ಮೇಲೆ ಪಾಠ ಮಾಡುವವರು ಇಲ್ಲದ, ಹಿಂದಿನ ಕೋಣೆಯಲ್ಲಿ ದೊಡ್ಡ ಟಿವಿ ಇರುವ ಮನೆಯಲ್ಲಿ ಇವೇ ಅಂಕಿಗಳು ಬಂದಿದ್ದರೆ ಅಲ್ಲಿ ಕಪ್ಪು ಉಳಿದರೂ ಉಳಿಯುತ್ತಿತ್ತು.

ವಾಪಸ್ ಮಾಡುವಾಗಿನ ವ್ಯವಹಾರದ ಮಾತನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಆನ್‌ಲೈನ್‌ನಲ್ಲಿ ಎಷ್ಟೋ ಎಲೆಕ್ಟ್ರಾನಿಕ್ ವಸ್ತುಗಳಿಗೆ ಹಣ ವಾಪಸ್ ಸಿಗುವುದಿಲ್ಲ, ದೋಷವಿದ್ದರೆ ಅದೇ ಮಾದರಿಯ ಇನ್ನೊಂದನ್ನು ಕೊಡುತ್ತಾರೆ ಅಷ್ಟೇ. ಹಾಗಿರುವಲ್ಲಿ ಎರಡು ತರಿಸಿ ಒಂದನ್ನು ಕಳಿಸುವ ಯೋಚನೆಯೇ ನಡೆಯದು. ಆ ವಸ್ತುವಿನ ಪುಟದಲ್ಲೇ ಷರತ್ತು ಬರೆದಿರುತ್ತದೆ, ಏಳು ದಿನವೋ ಹತ್ತು ದಿನವೋ ಎಂಬ ಗಡುವು ಕೂಡ. ಊರಿನ ಅಂಗಡಿಯಲ್ಲಿ ಕೊಳ್ಳುವುದಾದರೆ ಬಿಲ್ ಮಾಡಿಸುವ ಮುಂಚೆಯೇ ಕೇಳಿ, ಒಪ್ಪಿದ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಎರಡು ಬೇರೆ ದಿನ ತಲುಪಿದ್ದರೆ ಮೊದಲು ಬಂದದ್ದರ ಗಡುವೇ ನಿಮ್ಮ ಗಡುವು, ಪರೀಕ್ಷೆಯ ರಾತ್ರಿಗಳನ್ನು ಅದರೊಳಗೆ ಹೊಂದಿಸಬೇಕು.

ಡಬ್ಬ, ಅಡಾಪ್ಟರ್, ಚಿಕ್ಕ ಕೇಬಲ್, ಆಂಟೆನಾಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಎಲ್ಲ ಒಂದೆಡೆ ಇರಲಿ. ಎರಡು ರೂಟರ್‌ಗಳ ಅಡಾಪ್ಟರ್ ನೋಡಲು ಒಂದೇ ಥರ ಇರುವುದರಿಂದ ಅದಲುಬದಲಾಗುವುದು ಬಹಳ ಸುಲಭ, ಮೊದಲ ದಿನವೇ ಒಂದೊಂದಕ್ಕೆ ಚೀಟಿ ಅಂಟಿಸಿ. ಕಳಿಸುವ ಮೊದಲು ಮೊಬೈಲ್ ಆ್ಯಪ್‌ನಲ್ಲಿ ನಿಮ್ಮ ಖಾತೆಯಿಂದ ಆ ರೂಟರನ್ನು ತೆಗೆದುಹಾಕಿ. ಆಮೇಲೆ ರೀಸೆಟ್ ಗುಂಡಿಯನ್ನು ಹತ್ತು ಸೆಕೆಂಡಿನಷ್ಟು ಹೊತ್ತು, ದೀಪಗಳು ಆರಿ ಮತ್ತೆ ಹೊತ್ತುವವರೆಗೆ, ಒತ್ತಿ ಹಿಡಿಯಿರಿ. ನಿಮ್ಮ ವೈ-ಫೈ ಪಾಸ್‌ವರ್ಡು, ಕಂಪನಿಯ ಯೂಸರ್‌ನೇಮು ಅದರೊಳಗೆ ಉಳಿದಿರುತ್ತವೆ. ಅಳಿಸಿತೇ ಎಂದು ತಿಳಿಯಲು ಒಮ್ಮೆ ಹಾಕಿ ನೋಡಿ. ತಳದ ಸ್ಟಿಕ್ಕರಿನಲ್ಲಿರುವ ಹೆಸರಿನ ವೈ-ಫೈ ಕಾಣಿಸಿಕೊಂಡರೆ ಅಳಿಸಿದೆ. ಡಬ್ಬದ ಮೇಲಿನ ಸೀರಿಯಲ್ ನಂಬರೂ ಆ ಸ್ಟಿಕ್ಕರಿನದ್ದೂ ಒಂದೇ ಎಂದು ನೋಡಿ, ಎರಡೂ ಬರುವಂತೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಉಳಿಸಿಕೊಂಡ ಬಿಳಿ ರೂಟರಿನಲ್ಲಿ ಈಗ ಸ್ಮಾರ್ಟ್ ಕನೆಕ್ಟ್, ಆಟೊ ಚಾನೆಲ್, ತಾನಾಗಿ ಆಗುವ ಅಪ್‌ಡೇಟ್ ಎಲ್ಲವನ್ನೂ ಮತ್ತೆ ಚಾಲೂ ಮಾಡಿ, ಇನ್ನು ಮುಂದೆ ಬಳಸುವ ಸ್ಥಿತಿಯಲ್ಲೇ ಮೇಲಿನ ಕೋಣೆಯಲ್ಲಿ ಒಂದು ಸಂಜೆ ಪಾಠ ನಡೆಯಲಿ. ಕಪ್ಪನ್ನು ಒಯ್ಯಲು ಬರುವವರಿಗೆ ಅದರ ಮರುದಿನದ ಸಮಯ ಕೊಡಿ.